ತೇಪೆ ಹಚ್ಚಿದ ಬರಹ

ಪದ ಬದಲಾಯಿಸಿಬಿಟ್ಟರೆ ವಾಕ್ಯ ನಮ್ಮದಾಗುತ್ತೆ ಅನ್ನೋ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿ. ಕನ್ನಡದಲ್ಲಂತೂ ಇದು ಸಲೀಸು, ಯಾಕಂದ್ರೆ ಎಷ್ಟೋ ಮಾತುಗಳಿಗೆ ಕನ್ನಡದ್ದೊಂದು, ಸಂಸ್ಕೃತದ್ದೊಂದು ಜೋಡಿ ಪದ ಸಿದ್ಧವಾಗಿಯೇ ಇರುತ್ತೆ. ಬರವಣಿಗೆ ಕಲಿಕೆಯ ಅಮೆರಿಕದ ವಿದ್ವಾಂಸೆ ರೆಬೆಕಾ ಮೂರ್ ಹೊವರ್ಡ್ 1990ರ ದಶಕದಲ್ಲಿ ಈ ಬಗೆಯ ಬರಹವನ್ನು ‘ಪ್ಯಾಚ್‌ರೈಟಿಂಗ್’ ಎಂದು ಕರೆದರು. ತೇಪೆ ಬರಹ ಅನ್ನಬಹುದು.

ಒಂದು ಉದಾಹರಣೆ ಕಟ್ಟಿ ನೋಡೋಣ. ಮೂಲ ಹೀಗಿದೆ ಅಂದುಕೊಳ್ಳಿ: ‘ಊರಿನವರು ಬೇಸಿಗೆಯಲ್ಲಿ ಕೆರೆಯ ಹೂಳೆತ್ತಿ ಹೊಲಕ್ಕೆ ಹಾಕುತ್ತಿದ್ದರು, ಬೋರ್‌ವೆಲ್ ಬಂದ ಮೇಲೆ ಕೆರೆ ಯಾರಿಗೂ ಬೇಡವಾಯಿತು, ಹೂಳು ತುಂಬಿತು.’

ಇದರ ತೇಪೆ: ‘ಗ್ರಾಮಸ್ಥರು ಬೇಸಿಗೆ ಕಾಲದಲ್ಲಿ ಕೆರೆಯ ಕೆಸರು ತೆಗೆದು ಗದ್ದೆಗೆ ಬಳಸುತ್ತಿದ್ದರು, ಕೊಳವೆಬಾವಿ ಬಂದ ನಂತರ ಕೆರೆ ಯಾರಿಗೂ ಅಗತ್ಯವಿಲ್ಲದಾಯಿತು, ಕೆಸರು ತುಂಬಿಕೊಂಡಿತು.’

ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಅಲ್ಪವಿರಾಮ ಕೂಡ ಅದೇ ಜಾಗದಲ್ಲಿದೆ. ಮೂಲದಲ್ಲಿ ಯಾವುದು ಮೊದಲೋ ಇಲ್ಲೂ ಅದೇ ಮೊದಲು. ಬದಲಾದದ್ದು ಪದಗಳು ಮಾತ್ರ. ಅದರಲ್ಲೂ ಎರಡು ಕಡೆ ಅರ್ಥವೇ ಕೆಟ್ಟಿದೆ. ಹೊಲ ಅಂದ್ರೆ ಗದ್ದೆಯಲ್ಲ, ರಾಗಿ ಜೋಳ ಬೆಳೆಯೋ ಒಣಭೂಮಿ. ಹೂಳು ಅಂದ್ರೆ ಬರೀ ಕೆಸರಲ್ಲ, ಮಳೆನೀರು ಹೊತ್ತು ತಂದು ಕೆರೆಯ ತಳದಲ್ಲಿ ಕೂರಿಸಿದ ಮೆಕ್ಕಲು ಮಣ್ಣು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅದು ಒಣಗಿರುತ್ತೆ. ತೇಪೆಯನ್ನು ಗುರುತಿಸೋದು ಇಲ್ಲೇ: ವಾಕ್ಯದ ಅಸ್ಥಿಪಂಜರ ಹಾಗೇ ಇರುತ್ತೆ, ಪಾರಿಭಾಷಿಕ ಪದ ಮಾತ್ರ ಜಾರಿರುತ್ತೆ.

ಕೊನೆಯಲ್ಲಿ ಮೂಲ ಲೇಖಕರ ಹೆಸರು ಹಾಕಿದೆವಲ್ಲ, ಇನ್ನೇನು ತಪ್ಪು ಅಂತ ಕೇಳಬಹುದು. ಹೆಸರು ಹಾಕಿದರೆ ವಿಷಯ ಎಲ್ಲಿಂದ ಬಂತು ಅನ್ನೋದು ತಿಳಿಯುತ್ತೆ. ಆದರೆ ಉದ್ಧರಣ ಚಿಹ್ನೆ ಇಲ್ಲದಿದ್ದರೆ ವಾಕ್ಯ ನಿಮ್ಮದೇ ಅಂತ ಓದುಗ ನಂಬುತ್ತಾನೆ. ಆ ನಂಬಿಕೆ ಸುಳ್ಳಾಗುತ್ತೆ.

ಹಾಗಂತ ಇದೆಲ್ಲ ಕಳ್ಳತನವೇ ಅಂತ ಹೊವರ್ಡ್ ಹೇಳಲಿಲ್ಲ. ಅರ್ಥ ಪೂರ್ತಿ ಕೈಗೆ ಸಿಗದವರು ಮೂಲದ ವಾಕ್ಯವನ್ನೇ ಊರುಗೋಲು ಮಾಡಿಕೊಳ್ಳುತ್ತಾರೆ ಅನ್ನೋದು ಅವರ ವಾದ. ಅವರೂ ಸಹೋದ್ಯೋಗಿಗಳೂ ವಿದ್ಯಾರ್ಥಿಗಳ 18 ಪ್ರಬಂಧಗಳನ್ನು ಮೂಲಗಳ ಜೊತೆ ಹೋಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಡೀ ಮೂಲವನ್ನು ಸಂಗ್ರಹಿಸಿ ಹೇಳಿದ ಒಂದು ಪ್ರಬಂಧವೂ ಸಿಗಲಿಲ್ಲ. ಎಲ್ಲರೂ ವಾಕ್ಯ ವಾಕ್ಯವಾಗಿಯೇ ಹೆಕ್ಕಿದ್ದರು.

ಮದ್ದು ಇರೋದೂ ಅಲ್ಲೇ. ಒಂದು ವಾಕ್ಯವಲ್ಲ, ಪುಟ ಪೂರ್ತಿ ಓದಿ, ಪುಸ್ತಕ ಮುಚ್ಚಿಟ್ಟು, ಅವರು ಹೇಳಿದ್ದೇನು ಅಂತ ಕೇಳಿಕೊಂಡು ಬರೆಯಬೇಕು. ಆಗ ಹೀಗೆ ಬರಬಹುದು: ‘ಕೆರೆ ಹಾಳಾದದ್ದು ಸೋಮಾರಿತನದಿಂದಲ್ಲ, ನೀರು ಬೇರೆ ಕಡೆ ಸಿಕ್ಕಮೇಲೆ ಹೂಳೆತ್ತುವ ಗರಜು ಜನಕ್ಕೆ ಉಳಿಯಲಿಲ್ಲ ಎನ್ನುತ್ತಾರೆ ಲೇಖಕರು.’ ಇಲ್ಲಿ ‘ಹೂಳು’ ಹಾಗೇ ಉಳಿದಿದೆ, ಉಳಿಯಲೇಬೇಕು. ಅದಕ್ಕೆ ಬದಲಿ ಪದ ಹುಡುಕೋ ಅಗತ್ಯವೇ ಇರಲಿಲ್ಲ.