ಮುಪ್ಪಿನ ಮುಖವೂ ತಿದ್ದುವ ಕೈಯೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಮನೆಗಳಲ್ಲಿ ದೇವರ ಪಟಗಳ ಸಾಲಿನಲ್ಲಿಯೇ ತೂಗುಹಾಕುವ ಹಿರಿಯರ ಭಾವಚಿತ್ರಗಳನ್ನು ವಿಮರ್ಶಕನ ಕಣ್ಣಿನಿಂದ ನೋಡಿದವರಿಗೆ, ಇತ್ತೀಚಿನ ಪಟಗಳಲ್ಲಿ ಒಂದು ದೋಷವು ಪದೇ ಪದೇ ಗೋಚರಿಸುತ್ತದೆ: ಕೊರಳು ಎಂಬತ್ತು ವರ್ಷದ್ದು, ಮುಖ ಮಾತ್ರ ನಲವತ್ತರದು.

ಹಿಂದಿನ ಸ್ಟುಡಿಯೋಗಳಲ್ಲಿಯೂ ತಿದ್ದುವಿಕೆ ಇದ್ದಿತು. ಸುಕ್ಕಿನ ನೆರಳು ನೆಗೆಟಿವ್‌ನಲ್ಲಿ ತಿಳಿಯಾದ ಗೆರೆಯಾಗಿ ಮೂಡುವುದರಿಂದ, ಅದರ ಮೇಲೆ ಮೊನಚಾದ ಪೆನ್ಸಿಲಿನಿಂದ ಸೂಕ್ಷ್ಮ ಚುಕ್ಕೆಗಳನ್ನಿಟ್ಟರೆ ಮುದ್ರಿತ ಚಿತ್ರದಲ್ಲಿ ಆ ನೆರಳು ಮೆದುವಾಗುತ್ತಿದ್ದಿತು. ಆದರೆ ಆ ಕೆಲಸ ಅತ್ಯಂತ ನಿಧಾನದ್ದಾಗಿದ್ದುದರಿಂದ ಕೈಯ ಶ್ರಮವೇ ಅತಿರೇಕಕ್ಕೆ ಅಂಕುಶವಾಗಿದ್ದಿತು. ಗಣಕಯಂತ್ರವು ಆ ಅಂಕುಶವನ್ನು ತೆಗೆದುಹಾಕಿದೆ.

ನಿಪ್ಪಾಣಿಯ ಕಡೆ, ಹೊಗೆಸೊಪ್ಪಿನ ಹೊಲಗಳಲ್ಲಿ ಬಾಳು ಸವೆಸಿದ ಅಜ್ಜಿಯೊಬ್ಬರ ಚಿತ್ರವನ್ನು ನಡುಹಗಲಿನ ಅಂಗಳದಲ್ಲಿ ತೆಗೆದಿದ್ದಾರೆಂದು ಭಾವಿಸೋಣ. ಸೂರ್ಯನು ನೆತ್ತಿಯ ಮೇಲಿರುವಾಗ ಹುಬ್ಬಿನ ಕೆಳಗೂ ಕಣ್ಣಿನ ಚೀಲದ ಅಡಿಗೂ ಕಡುಗಪ್ಪು ನೆರಳು ಬೀಳುತ್ತದೆ. ಆ ಕಪ್ಪಿನಲ್ಲಿ ಒಂದು ಪಾಲು ವಯಸ್ಸಿನದು, ಮಿಕ್ಕದ್ದು ಬಿಸಿಲಿನದು. ತಿದ್ದುವವನಿಗೆ ಅಧಿಕಾರವಿರುವುದು ಬಿಸಿಲಿನ ಪಾಲಿನ ಮೇಲೆ ಮಾತ್ರ. ಆದುದರಿಂದ ಅವನು ಮೂಲಚಿತ್ರವನ್ನು ಮುಟ್ಟದೆ, ಅದರ ಮೇಲೊಂದು ಖಾಲಿ ಪದರವನ್ನಿಟ್ಟು, Healing Brush ನ Sample ಆಯ್ಕೆಯನ್ನು Current & Below ಗೆ ಹೊಂದಿಸಿ, ಅದರಿಂದ ಆ ನೆರಳಿನಲ್ಲಿ ಆಳವಾಗಿ ಕಾಣುವ ಗೆರೆಗಳನ್ನು ಅಳಿಸಿ, ಬಳಿಕ ಪದರದ Opacity ಯನ್ನು ಸುಮಾರು 40ಕ್ಕೆ ಇಳಿಸಬೇಕು. ಆಗ ಗೆರೆ ಇದ್ದಲ್ಲಿಯೇ ಇದ್ದು, ಅದರ ಕಾರ್ಕಶ್ಯವಷ್ಟೇ ತಗ್ಗುತ್ತದೆ.

ಎಲ್ಲ ಸುಕ್ಕುಗಳಿಗೂ ಒಂದೇ ಉಪಚಾರ ಸಲ್ಲದು. ಬಿಸಿಲಿಗೆ ಹುಬ್ಬು ಗಂಟಿಕ್ಕಿದುದರಿಂದ ಮೂಡಿದ ಲಂಬರೇಖೆಗಳು, ಇಲ್ಲದ ಕೋಪವನ್ನು ಮುಖಕ್ಕೆ ಆರೋಪಿಸುತ್ತವೆ. ಅವನ್ನು ಹೆಚ್ಚು ಮೆದುಗೊಳಿಸಬಹುದು. ಕಣ್ಣಂಚಿನಿಂದ ಕೆನ್ನೆಗೆ ಹರಡುವ ಗೆರೆಗಳಾದರೋ ನಗುವಿನ ಜೊತೆಗಾರರು. ಅವು ಅಳಿದರೆ ತುಟಿ ನಗುತ್ತಿದ್ದರೂ ಕಣ್ಣು ನಗುವುದಿಲ್ಲ. ಹಣೆಯ ಹಚ್ಚೆಯನ್ನೂ ಗದ್ದದ ಮಚ್ಚೆಯನ್ನೂ ಕಲೆಯೆಂದು ಎಣಿಸಿ ಒರೆಸಿದರೆ, ಮೊಮ್ಮಕ್ಕಳು ಅಜ್ಜಿಯನ್ನು ಗುರುತಿಸುವ ಚಿಹ್ನೆಯೇ ಹೋದಂತೆ.

ಇನ್ನು ನಿಲ್ಲಿಸುವ ಪ್ರಶ್ನೆ. ಪರದೆಯ ಮೇಲೆ ಮುಖವನ್ನು ಹಿಗ್ಗಿಸಿ ನೋಡುತ್ತ ಕುಳಿತವನಿಗೆ ಪ್ರತಿ ರಂಧ್ರವೂ ಅಪರಾಧವಾಗಿ ಕಾಣುತ್ತದೆ. 12x18 ಅಂಗುಲದ ಪಟವನ್ನು ಗೋಡೆಯಲ್ಲಿ ನೋಡುವವರಿಗಾದರೋ ಅವು ಕಾಣುವುದೇ ಇಲ್ಲ. ಆದಕಾರಣ ಆಗಾಗ ಚಿತ್ರವನ್ನು ಮುದ್ರಣದ ಅಳತೆಗೆ ಕುಗ್ಗಿಸಿ, ತಿದ್ದಿದ ಪದರವನ್ನು ಒಮ್ಮೆ ಮುಚ್ಚಿ ಒಮ್ಮೆ ತೆರೆದು, ಮುಖವನ್ನು ಕೊರಳಿನೊಡನೆಯೂ ಮಡಿಲಲ್ಲಿಟ್ಟ ಕೈಗಳೊಡನೆಯೂ ಹೋಲಿಸಬೇಕು. ಕೈಗಿಂತ ಮುಖ ಚಿಕ್ಕ ವಯಸ್ಸಿನದಾಗಿ ಕಂಡರೆ, ಚರ್ಮದ ಒರಟುತನ ಮಾಯವಾಗಿ ಕೆನ್ನೆ ಮೇಣದಂತೆ ಹೊಳೆದರೆ, ನಿಲ್ಲಬೇಕಾದ ಎಡೆಯನ್ನು ದಾಟಿದುದು ಖಚಿತ. ಹಿಂದಕ್ಕೆ ಬರುವುದೊಂದೇ ಉಪಾಯ. ತಿದ್ದಿದ್ದಾರೆಂಬ ಮಾತು ನೋಡುವವರ ಬಾಯಲ್ಲಿ ಬಂದಿತೆಂದರೆ, ಕುಸುರಿ ಎಷ್ಟೇ ನಯವಾಗಿದ್ದರೂ ಆ ಚಿತ್ರ ಸೋತಿದೆ.