ಕಮ್ಮಿಂಗಿನ ಪತ್ರಿಕೆಗೆ ಯಾವೂರ ತಿಥಿ?

ಅಟ್ಲಾಂಟಾದ ಉತ್ತರಕ್ಕಿರುವ ನಮ್ಮ ಕಮ್ಮಿಂಗಿನಲ್ಲಿ ಯಾರ ಮನೆಯ ಮದುವೆಯಾದರೂ ಲಗ್ನಪತ್ರಿಕೆಯ ಕರಡು ಒಮ್ಮೆ ನನ್ನ ಊಟದ ಮೇಜಿಗೆ ಬರುತ್ತದೆ. ಹಳೆಯ ಪತ್ರಿಕೆಗಳನ್ನು ಕೂಡಿಡುವ ನನ್ನ ಅಭ್ಯಾಸ ಎಲ್ಲರಿಗೂ ಗೊತ್ತು. ಹಾಗೆ ಬಂದ ಕರಡುಗಳಲ್ಲಿ ಒಂದನ್ನು ಇಲ್ಲಿ ಬಿಡಿಸಿ ತೋರಿಸುತ್ತೇನೆ. ಮದುವೆಯ ದಿನ 2024ರ ಫೆಬ್ರವರಿ 24, ಶನಿವಾರ.

ಮೇಲೆ 'ಶ್ರೀ ವಿಘ್ನೇಶ್ವರ ಪ್ರಸನ್ನ', ಅದರ ಕೆಳಗೆ ಕುಲದೇವರ ಹೆಸರು. ಆಮೇಲೆ, 'ಸ್ವಸ್ತಿ ಶ್ರೀ ವಿಜಯಾಭ್ಯುದಯ ಶಾಲಿವಾಹನ ಶಕ 1945ನೇ ಶೋಭಕೃತ್ ನಾಮ ಸಂವತ್ಸರದ ಉತ್ತರಾಯಣ, ಶಿಶಿರ ಋತು, ಮಾಘ ಶುದ್ಧ ಹುಣ್ಣಿಮೆ, ಬೆಳಗ್ಗೆ 10-45ಕ್ಕೆ ಸಲ್ಲುವ ಶುಭಲಗ್ನದಲ್ಲಿ...' ವಿಜಯನಗರದ ಕಾಲದವರು ದಾನಶಾಸನದ ಕಲ್ಲಿನ ಮೇಲೆ ಕೊರೆಸುತ್ತಿದ್ದ ಒಕ್ಕಣೆ ಇದು. ಇದನ್ನು ಓದುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಶಾಸನದಲ್ಲಿ ತಿಥಿ ತಪ್ಪಿದರೆ ಇತಿಹಾಸದವರು ಅದನ್ನು ಅನುಮಾನದಿಂದ ನೋಡುತ್ತಾರೆ. ಪತ್ರಿಕೆಯಲ್ಲೂ ಅಷ್ಟೇ ಬಿಗಿ ಇರಬೇಕು ಎನ್ನುವವನು ನಾನು.

"ತಿಥಿ ಎಲ್ಲಿಂದ ತಗೊಂಡ್ರಿ ಅಕ್ಕಾ?" ಎಂದು ಹುಡುಗಿಯ ತಾಯಿಯನ್ನು ಕೇಳಿದೆ.

"ಮೈಸೂರಿನಿಂದ ಅಮ್ಮ ಕ್ಯಾಲೆಂಡರ್ ನೋಡಿ ಹೇಳಿದ್ರು. ಅವತ್ತು ಹುಣ್ಣಿಮೆ, ಬಹಳ ಒಳ್ಳೇ ದಿನ ಅಂತ."

ಅಮ್ಮ ಹೇಳಿದ್ದು ಮೈಸೂರಿಗೆ ಸರಿ. ಅಲ್ಲಿ ಅಂದು ಹುಣ್ಣಿಮೆ ಸಂಜೆ ಸುಮಾರು 6 ಗಂಟೆಯವರೆಗೆ ಇತ್ತು. ತಿಥಿಯೆಂದರೆ ಸೂರ್ಯನಿಗೂ ಚಂದ್ರನಿಗೂ ನಡುವಿನ ಅಂತರ. ಆದ್ದರಿಂದ ಅದು ಜಗತ್ತಿಗೆಲ್ಲ ಒಂದೇ ಕ್ಷಣದಲ್ಲಿ ಮುಗಿಯುತ್ತದೆ, ಬೇರೆಯಾಗುವುದು ಆಯಾ ಊರಿನ ಗಡಿಯಾರ ಮಾತ್ರ. ಚಳಿಗಾಲದಲ್ಲಿ ಕಮ್ಮಿಂಗ್ ಭಾರತಕ್ಕಿಂತ ಹತ್ತೂವರೆ ಗಂಟೆ ಹಿಂದೆ. ಮೈಸೂರಿನ ಸಂಜೆ 6 ಎಂದರೆ ಇಲ್ಲಿ ಬೆಳಗ್ಗೆ 7-30. ಹುಡುಗಿ ಹಸೆಮಣೆಗೆ ಬರುವ ಹೊತ್ತಿಗೆ ಹುಣ್ಣಿಮೆ ಕಳೆದು ಮಾಘ ಬಹುಳ ಪಾಡ್ಯ ನಡೆಯುತ್ತಿರುತ್ತದೆ. ಸೂರ್ಯೋದಯಕ್ಕೆ ಇರುವ ತಿಥಿಯೇ ಆ ದಿನದ ತಿಥಿ ಎಂದು ಹಿಡಿದರೆ ಹುಣ್ಣಿಮೆ ಉಳಿಯುತ್ತದೆ, ಏಕೆಂದರೆ ಇಲ್ಲಿ ಅಂದು ಸೂರ್ಯ ಹುಟ್ಟಿದ್ದು 7-10ರ ಸುಮಾರಿಗೆ. ಆದರೆ ಪತ್ರಿಕೆ ಹೇಳುತ್ತಿರುವುದು ಮುಹೂರ್ತವನ್ನು. ಧಾರೆ ಎರೆಯುವ ಗಳಿಗೆಯಲ್ಲಿ ಇರುವ ತಿಥಿಯನ್ನೇ ಬರೆಯಬೇಕೆಂಬುದು ನನ್ನ ಮತ.

ಅದಕ್ಕಿಂತ ದೊಡ್ಡ ಎಡವಟ್ಟು 10-45ರಲ್ಲಿತ್ತು. ಶನಿವಾರದ ರಾಹುಕಾಲ 9ರಿಂದ 10-30 ಎಂದು ಊರಿನ ಕ್ಯಾಲೆಂಡರಿನಲ್ಲಿದೆ, ಅದು ಕಳೆದ ಮೇಲೆ ಇರಲಿ ಎಂದು ಆ ವೇಳೆ ಇಟ್ಟಿದ್ದರು. ಆ ಲೆಕ್ಕ ಸೂರ್ಯ 6ಕ್ಕೆ ಹುಟ್ಟಿ 6ಕ್ಕೆ ಮುಳುಗುವ ದಿನದ್ದು. ನಿಜವಾದ ಕ್ರಮವೆಂದರೆ ಆಯಾ ಊರಿನ ಹಗಲನ್ನು ಎಂಟು ಪಾಲು ಮಾಡುವುದು. ಶನಿವಾರ ರಾಹುಕಾಲ ಮೂರನೆಯ ಪಾಲು. ಕಮ್ಮಿಂಗಿನಲ್ಲಿ ಅಂದಿನ ಹಗಲು ಹನ್ನೊಂದೂಕಾಲು ಗಂಟೆಯಷ್ಟು, ಒಂದು ಪಾಲಿಗೆ 84 ನಿಮಿಷ. 7-10ಕ್ಕೆ ಎರಡು ಪಾಲು ಕೂಡಿಸಿದರೆ ರಾಹುಕಾಲ ಶುರುವಾಗುವುದೇ 10ರ ಹೊತ್ತಿಗೆ, ಮುಗಿಯುವುದು 11-25ರ ಆಸುಪಾಸಿನಲ್ಲಿ. ತಪ್ಪಿಸಿಕೊಳ್ಳಲು ಇಟ್ಟ ಮುಹೂರ್ತ ಅದರ ನಟ್ಟನಡುವೆಯೇ ಬಿದ್ದಿತ್ತು. ಪುರೋಹಿತರನ್ನು ಕೇಳಿ, 11-40ರಿಂದ 12-20ರವರೆಗೆ ಸಲ್ಲುವ ವೃಷಭ ಲಗ್ನಕ್ಕೆ ಬದಲಾಯಿಸಿದರು.

'ಚಿ|| ಕುಂ|| ಸೌ||', 'ಚಿ|| ರಾ||' ಎಲ್ಲ ಸರಿಯಾಗಿದ್ದವು. 'ಸಕುಟುಂಬ ಪರಿವಾರ ಸಮೇತರಾಗಿ ಆಗಮಿಸಿ' ಎನ್ನುವುದನ್ನು ತೆಗೆಯೋಣವೇ, ಹಾಲ್‌ನಲ್ಲಿ ತಲೆ ಎಣಿಸಿ ಊಟ ಹೇಳಬೇಕಲ್ಲ ಎಂದು ಹುಡುಗಿಯ ತಂದೆ ಕೇಳಿದರು. ಬೇಡವೆಂದೆ. ಎಷ್ಟು ಜನ ಬರುತ್ತೀರೆಂದು ಕೇಳಲು ಬೇರೆಯೇ ಚೀಟಿ ಇರಲಿ, ಕರೆಯುವ ಮಾತಿನಲ್ಲಿ ಎಣಿಕೆ ಬರಬಾರದು.

ಕೊನೆಗೆ ಉಳಿದದ್ದು ಅಜ್ಜಿ. ತಾತ ಇಲ್ಲ, ಅವರ ಹೆಸರಿನ ಹಿಂದೆ 'ಕೀರ್ತಿಶೇಷ' ಎಂದು ಹಾಕಿದ್ದರು. ಬದುಕಿರುವ ಅಜ್ಜಿಯ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಗಂಡನಿಲ್ಲದ ಹೆಂಗಸನ್ನು ಕರೆಯುವವರ ಸಾಲಿನಿಂದ ಬಿಡುವುದು ನನ್ನ ಸಂಗ್ರಹದ ಹಳೆಯ ಪತ್ರಿಕೆಗಳಲ್ಲೂ ಕಾಣುತ್ತದೆ. ಆ ಪದ್ಧತಿ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಮನೆಯ ಹಿರಿಯರು ಕರೆದರೇ ಕರೆಯೋಲೆಗೆ ತೂಕ. "ಅಜ್ಜಿಯ ಹೆಸರಿನಲ್ಲೇ ಶುರು ಮಾಡಿ" ಎಂದೆ. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಪೆನ್ನು ತೆಗೆದುಕೊಂಡು 'ಮಾಡುವ ವಿಜ್ಞಾಪನೆಗಳು' ಎಂಬುದರ ಮೇಲೆ ತಾವೇ ಬರೆದರು.

ಅಚ್ಚಾಗಿ ಬಂದ ಮೊದಲ ಪತ್ರಿಕೆಯ ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿ ದೇವರ ಮುಂದಿಟ್ಟರು. ಎರಡನೆಯದು ಮೈಸೂರಿಗೆ ಹೋಯಿತು.