ಕ್ರಾಸ್‌ಮ್ಯಾಚ್‌ಗೂ ಮೊದಲಿನ ಮೂರು ಕಣಗಳು

ಹೊಳೆನರಸೀಪುರದಿಂದಲೋ ಅರಕಲಗೂಡಿನಿಂದಲೋ ಹಾಸನಕ್ಕೆ ಮೂರನೇ ಹೆರಿಗೆಗೆ ಬಂದ ಬಿ ಪಾಸಿಟಿವ್ ತಾಯಿಯೊಬ್ಬಳನ್ನು ಊಹಿಸಿಕೊಳ್ಳಿ. ಹಿಂದಿನ ಮಗುವಿನ ರಕ್ತಕಣಗಳಲ್ಲಿದ್ದ ‘ದೊಡ್ಡ ಇ’ ಪ್ರತಿಜನಕ ಅವಳಲ್ಲಿ ಪ್ರತಿಕಾಯ ಹುಟ್ಟಿಸಿರಬಹುದು. ಗುಂಪಿನ ಪರೀಕ್ಷೆಯಲ್ಲಿ ಅದು ಕಾಣದು.

ಅದಕ್ಕೇ ಮೊದಲು ಸ್ಕ್ರೀನಿಂಗ್. ಪ್ರತಿಜನಕಗಳು ಗೊತ್ತಿರುವ ಮೂರು ಬಗೆಯ ಒ ಗುಂಪಿನ ಕಣಗಳಿಗೆ ಅವಳ ಸೀರಂ ಸೇರಿಸಿ, ಜೆಲ್ ಕಾರ್ಡನ್ನು 37 ಡಿಗ್ರಿಯಲ್ಲಿ 15 ನಿಮಿಷ ಇಟ್ಟು, ಯಂತ್ರದಲ್ಲಿ ತಿರುಗಿಸುತ್ತಾರೆ. ಕಣಗಳು ತಳ ಸೇರಿದರೆ ನಿರಾಳ. ಮೇಲೇ ಕೆಂಪು ಗೆರೆಯಾಗಿ ನಿಂತರೆ ಪ್ರತಿಕಾಯವಿದೆ.

ಕ್ರಾಸ್‌ಮ್ಯಾಚ್ ಒಂದು ಚೀಲದ ಬಗ್ಗೆಯಷ್ಟೇ ಹೇಳುತ್ತದೆ. ಆ ದಾನಿಗೆ ‘ದೊಡ್ಡ ಇ’ ಇಲ್ಲದಿದ್ದರೆ ರಕ್ತ ಹೊಂದುತ್ತದೆ, ಪ್ರತಿಕಾಯ ಗುಟ್ಟಾಗೇ ಉಳಿಯುತ್ತದೆ. ಮುಂದಿನ ಚೀಲ ಹೊಂದದಿದ್ದಾಗ, ರಕ್ತಸ್ರಾವದ ನಡುವೆ ಹುಡುಕಾಟ ಶುರು. ಮೊದಲೇ ತಿಳಿದರೆ ತಕ್ಕ ಚೀಲಗಳನ್ನು ಆರಿಸಿಟ್ಟು ಕ್ರಾಸ್‌ಮ್ಯಾಚ್ ಮಾಡಬಹುದು.

ಸ್ಕ್ರೀನಿಂಗ್ ಕಣಗಳಲ್ಲಿಲ್ಲದ ಅಪರೂಪದ ಪ್ರತಿಜನಕಕ್ಕೆ ಪ್ರತಿಕಾಯವಿದ್ದರೆ, ಅದನ್ನು ಹಿಡಿಯುವ ಕೆಲಸ ಆ ಕ್ರಾಸ್‌ಮ್ಯಾಚ್‌ನದೇ.